ಹಸಿವು ಕದಿಸಿತೋ, ಸಹವಾಸ ಕದಿಸಿತೋ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ 2020ರಲ್ಲಿ ಕಳುವಾದ ವಾಹನಗಳು ಸುಮಾರು 4,500. ಮರುವರ್ಷ ಆ ಸಂಖ್ಯೆ 10,000 ದಾಟಿತು. ಕಳುವಾದ ಪ್ರತಿ ಮೂರು ಗಾಡಿಗಳಲ್ಲಿ ಸುಮಾರು ಎರಡು ಕಿಯಾ ಇಲ್ಲವೇ ಹ್ಯುಂಡೈ ಕಾರುಗಳು. ಕದ್ದವರಲ್ಲಿ ಮೀಸೆ ಮೂಡದ ಹುಡುಗರೇ ಬಹಳ. ಅವರಿಗೆ 'ಕಿಯಾ ಬಾಯ್ಸ್' ಎಂಬ ಹೆಸರೇ ಬಿತ್ತು. ಅವರು ಕದ್ದ ಕಾರನ್ನು ಮಾರುತ್ತಿರಲಿಲ್ಲ, ಬಿಡಿಭಾಗ ಕಳಚಿ ಗುಜರಿಗೆ ಹಾಕುತ್ತಲೂ ಇರಲಿಲ್ಲ. ಗೆಳೆಯರನ್ನು ತುಂಬಿಕೊಂಡು ಬೀದಿ ಬೀದಿ ಓಡಿಸಿ, ಕಿಟಕಿಯಿಂದ ಮೈ ಹೊರಹಾಕಿ ವಿಡಿಯೊ ಮಾಡಿ, ಎಲ್ಲಾದರೂ ಗುದ್ದಿಯೋ ಗುದ್ದದೆಯೋ ಬಿಟ್ಟು ಹೋಗುತ್ತಿದ್ದರು.

ಆ ಎರಡು ಕಂಪನಿಗಳ ಕಾರುಗಳೇ ಏಕೆ ಎಂಬುದಕ್ಕೆ ಉತ್ತರ ಸರಳ. ಇಂಜಿನ್ ಇಮ್ಮೊಬಿಲೈಸರ್ ಎಂಬ ಸಣ್ಣ ಎಲೆಕ್ಟ್ರಾನಿಕ್ ಸಾಧನವಿರುತ್ತದೆ; ಕೀಲಿಯೊಳಗಿನ ಚಿಪ್ಪನ್ನು ಗಾಡಿ ಗುರುತು ಹಿಡಿದರೆ ಮಾತ್ರ ಇಂಜಿನ್ ಚಾಲೂ ಆಗಲು ಅದು ಬಿಡುತ್ತದೆ. 2015ರ ಮಾದರಿಗಳನ್ನು ನೋಡಿದರೆ, ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಉಳಿದ ಕಂಪನಿಗಳ ಶೇ 96ರಷ್ಟು ಮಾದರಿಗಳಲ್ಲಿ ಅದು ಇತ್ತು. ಈ ಎರಡು ಕಂಪನಿಗಳಲ್ಲಿ ಇದ್ದದ್ದು ಶೇ 26ರಷ್ಟರಲ್ಲಿ. ಅದಿಲ್ಲದ ಗಾಡಿಯನ್ನು ಚಾಲೂ ಮಾಡಲು ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ತಂತಿಯ ತುದಿಯೂ ಸಾಕಾಗುತ್ತದೆ ಎಂದು ಯಾರೋ ಕಂಡುಕೊಂಡರು. ಅದು ಒಬ್ಬನಿಂದ ಇನ್ನೊಬ್ಬನಿಗೆ, ಆಮೇಲೆ ಫೋನಿನ ಪರದೆಯಿಂದ ಸಾವಿರಾರು ಮಂದಿಗೆ ಹರಡಿತು.

ಕಾರು ಏಕೆ ಕಳುವಾಯಿತು ಎಂಬುದು ಹೀಗೆ ತಿಳಿಯಿತು. ಹುಡುಗ ಏಕೆ ಕದ್ದ ಎಂಬುದು ಬೇರೆಯೇ ಪ್ರಶ್ನೆ. ಮಿಲ್ವಾಕಿಯ ಬಡತನ ಒಂದೇ ವರ್ಷದಲ್ಲಿ ಎರಡು ಪಟ್ಟು ಆಗಿರಲಿಲ್ಲ. ಅಲ್ಲಿನ ತಾಯಂದಿರು ಒಂದೇ ವರ್ಷದಲ್ಲಿ ಮಕ್ಕಳನ್ನು ತಿದ್ದುವುದನ್ನು ಮರೆತಿರಲೂ ಇಲ್ಲ. ಹದಿಹರೆಯದವರ ಕಳವಿನ ಬಗ್ಗೆ ಅಪರಾಧಶಾಸ್ತ್ರದಲ್ಲಿ ಎರಡು ಹಳೆಯ ವಿವರಣೆಗಳಿವೆ: ಒತ್ತಡ ಸಿದ್ಧಾಂತ ಮತ್ತು ವಿಭಿನ್ನ ಸಹವಾಸ ಸಿದ್ಧಾಂತ. ಎರಡೂ ಹುಟ್ಟಿದ್ದು 1938-39ರ ಆಸುಪಾಸಿನಲ್ಲಿ, ಅದೇ ಅಮೆರಿಕದಲ್ಲಿ. ನಮ್ಮ ಕಾಲೇಜುಗಳಲ್ಲಿ ಇವೆರಡರ ವ್ಯತ್ಯಾಸವನ್ನು ಹತ್ತು ಅಂಕದ ಪ್ರಶ್ನೆಯಾಗಿ ಕೇಳುತ್ತಾರೆ. ವಿದ್ಯಾರ್ಥಿ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಬರೆದು ಅಂಕ ತೆಗೆದುಕೊಂಡು ಹೋಗುತ್ತಾನೆ. ಆ ಪಟ್ಟಿಯಲ್ಲಿ ಕಾಣದ ಸಂಗತಿಯೆಂದರೆ, ಈ ಎರಡೂ ನಿಜವಾದ ಹುಡುಗರ ಮೇಲೆ, ನಿಜವಾದ ಊರುಗಳಲ್ಲಿ ಪರೀಕ್ಷೆಗೆ ಒಳಗಾಗಿವೆ, ಎರಡೂ ಎಡವಿವೆ.

ಮೊದಲು ಒತ್ತಡದ ಕಥೆ. ರಾಬರ್ಟ್ ಮರ್ಟನ್ 1910ರಲ್ಲಿ ಫಿಲಡೆಲ್ಫಿಯಾದಲ್ಲಿ, ಪೂರ್ವ ಯುರೋಪಿನಿಂದ ವಲಸೆ ಬಂದ ಬಡ ಯಹೂದಿ ಮನೆಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಜಾದೂ ಪ್ರದರ್ಶನ ಕೊಡುತ್ತಿದ್ದರು. ಮರ್ಟನ್ ಎಂಬ ಹೆಸರು ಬಂದದ್ದೂ ಆ ವೇದಿಕೆಯಿಂದಲೇ. 1938ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲು, ಅವರು ಹತ್ತು ಹನ್ನೊಂದು ಪುಟದ ಪ್ರಬಂಧವೊಂದನ್ನು ಪ್ರಕಟಿಸಿದರು. ಸಮಾಜ ತನ್ನ ಎಲ್ಲ ಮಕ್ಕಳಿಗೂ ಒಂದೇ ಗುರಿ ತೋರಿಸುತ್ತದೆ, ದುಡ್ಡು ಮಾಡು, ಮೇಲೆ ಬಾ ಎನ್ನುತ್ತದೆ. ಆ ಗುರಿಗೆ ಹೋಗುವ ದಾರಿಯನ್ನು ಮಾತ್ರ ಎಲ್ಲರಿಗೂ ಸಮನಾಗಿ ತೆರೆಯುವುದಿಲ್ಲ. ಈ ಎರಡರ ನಡುವಿನ ಬಿರುಕಿನಲ್ಲಿ ಸಿಕ್ಕವನು ಏನು ಮಾಡುತ್ತಾನೆ? ಬಹುಪಾಲು ಮಂದಿ ಹೇಗೋ ಸಹಿಸಿಕೊಂಡು ಇದ್ದ ದಾರಿಯಲ್ಲೇ ನಡೆಯುತ್ತಾರೆ. ಕೆಲವರು ಗುರಿಯನ್ನು ಕೈಬಿಟ್ಟು ದಿನಚರಿಗೆ ಅಂಟಿಕೊಳ್ಳುತ್ತಾರೆ. ಕೆಲವರು ಎರಡನ್ನೂ ಬಿಟ್ಟು ಕುಡಿತಕ್ಕೋ ಅಲೆಮಾರಿತನಕ್ಕೋ ಬೀಳುತ್ತಾರೆ. ಕೆಲವರು ಬಂಡಾಯ ಏಳುತ್ತಾರೆ. ಇನ್ನು ಕೆಲವರು ಗುರಿಯನ್ನು ಹಾಗೇ ಇಟ್ಟುಕೊಂಡು ದಾರಿಯನ್ನು ಬದಲಿಸುತ್ತಾರೆ. ಈ ಕೊನೆಯವರನ್ನು ಮರ್ಟನ್ ನವೀನರು ಎಂದು ಕರೆದರು. ಕಳ್ಳ ಆ ಗುಂಪಿನವನು.

ಬಡತನವೇ ಕಳ್ಳತನಕ್ಕೆ ಕಾರಣ ಎಂದು ಮರ್ಟನ್ ಹೇಳಿದರೆಂದು ಎಷ್ಟೋ ಜನ ತಿಳಿದಿದ್ದಾರೆ. ಅವರು ಹೇಳಿದ್ದು ಹೆಚ್ಚುಕಡಿಮೆ ಅದರ ಉಲ್ಟಾ. ಆಗ್ನೇಯ ಯುರೋಪಿನ ದೇಶಗಳಲ್ಲಿ ಬಡತನ ಅಮೆರಿಕಕ್ಕಿಂತ ಹೆಚ್ಚು, ಆದರೂ ಅಲ್ಲಿ ಬಡತನಕ್ಕೂ ಅಪರಾಧಕ್ಕೂ ನಂಟು ಅಷ್ಟು ಗಟ್ಟಿಯಾಗಿಲ್ಲ ಎಂದು ಅವರೇ ಬರೆದರು. ತನಗೆ ದಕ್ಕದ್ದು ತನ್ನ ಕುಲಕ್ಕೆ, ಅಂತಸ್ತಿಗೆ ಸೇರಿದ್ದಲ್ಲ ಎಂದು ಒಪ್ಪಿಕೊಂಡ ಬಡವನಿಗೆ ಈ ಬಗೆಯ ಒತ್ತಡವಿಲ್ಲ. ನಿನಗೂ ಎಲ್ಲ ಸಾಧ್ಯ ಎಂದು ಹಗಲೂ ರಾತ್ರಿ ಕೇಳಿಸಿಕೊಂಡು, ಏನೂ ಸಾಧ್ಯವಾಗದೆ ಉಳಿದವನಿಗೆ ಇದೆ.

ಮಿಲ್ವಾಕಿಗೆ ಇದು ಹೇಳಿ ಮಾಡಿಸಿದಂತೆ ಕಾಣುತ್ತದೆ. ಆ ನಗರದ ಉತ್ತರ ಭಾಗದಲ್ಲಿ ಎ. ಒ. ಸ್ಮಿತ್ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಕಾರುಗಳ ಚೌಕಟ್ಟು, ಅಂದರೆ ಚಾಸಿ. ಸಾವಿರಾರು ಮಂದಿಗೆ, ಅದರಲ್ಲೂ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನಾಂಗದ ಕುಟುಂಬಗಳಿಗೆ, ಹೈಸ್ಕೂಲು ಮುಗಿಸಿದರೆ ಮನೆ ಕಟ್ಟುವಷ್ಟು ಸಂಬಳದ ಕೆಲಸ ಅಲ್ಲಿ ಸಿಗುತ್ತಿತ್ತು. 1997ರಲ್ಲಿ ಆ ಘಟಕ ಬೇರೆ ಕಂಪನಿಗೆ ಮಾರಾಟವಾಯಿತು; ಮುಂದಿನ ದಶಕದಲ್ಲಿ ಬಾಗಿಲು ಹಾಕಿತು. ಅಜ್ಜ ಕಾರಿನ ಚಾಸಿ ಬೆಸೆದ ಊರಿನಲ್ಲಿ ಮೊಮ್ಮಗ ಕಾರಿನ ಗಾಜು ಒಡೆಯುತ್ತಿದ್ದಾನೆ ಎಂದು ಬರೆದುಬಿಟ್ಟರೆ ಒತ್ತಡ ಸಿದ್ಧಾಂತದ ಪಾಠ ಮುಗಿದೇ ಹೋಯಿತು ಅನಿಸುತ್ತದೆ.

ಮುಗಿಯುವುದಿಲ್ಲ. ಮರ್ಟನ್ ಅವರ ನವೀನ ದುಡ್ಡಿಗಾಗಿ ಕದಿಯುತ್ತಾನೆ. ಮಿಲ್ವಾಕಿಯ ಹುಡುಗನ ಕೈಗೆ ಆ ಕಾರಿನಿಂದ ಒಂದು ಡಾಲರೂ ಬರಲಿಲ್ಲ. ಈ ತೊಡಕು ಹೊಸದಲ್ಲ. 1955ರಲ್ಲಿ ಆಲ್ಬರ್ಟ್ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನೇ ಎತ್ತಿದರು: ಹುಡುಗರು ಕದ್ದ ವಸ್ತುವನ್ನು ಬಳಸುವುದಿಲ್ಲ, ಎಸೆಯುತ್ತಾರೆ, ಒಮ್ಮೊಮ್ಮೆ ಬರೀ ಹಾಳುಮಾಡುತ್ತಾರೆ. ಅವರಿಗೆ ಸಿಗದೆ ಹೋಗಿರುವುದು ಹಣವಲ್ಲ, ಮರ್ಯಾದೆ ಎಂದರು ಕೋಹೆನ್. ಶಾಲೆ ಮಧ್ಯಮ ವರ್ಗದ ಅಳತೆಗೋಲು ಹಿಡಿದು ಎಲ್ಲ ಮಕ್ಕಳನ್ನೂ ಅಳೆಯುತ್ತದೆ. ಅದರಲ್ಲಿ ಸದಾ ಗಿಡ್ಡನಾಗುವವನು ಆ ಕೋಲನ್ನೇ ಮುರಿದು, ತನ್ನಂಥವರ ನಡುವೆ ಬೇರೆ ಕೋಲು ಮಾಡಿಕೊಳ್ಳುತ್ತಾನೆ. ಕದ್ದ ಕಾರಿನಲ್ಲಿ ಕೂತು ಮಾಡಿದ ವಿಡಿಯೊ ಆ ಹೊಸ ಕೋಲಿನಲ್ಲಿ ಎತ್ತರ ತೋರಿಸುತ್ತದೆ. ಒತ್ತಡ ಸಿದ್ಧಾಂತ ಇದರಿಂದ ಉಸಿರಾಡಿತು, ನಿಜ. ಆದರೆ ಕೋಹೆನ್ ಅವರ ಮಾತಿನಲ್ಲಿ 'ತನ್ನಂಥವರ ನಡುವೆ' ಎಂಬುದು ಮೆಲ್ಲಗೆ ಒಳಬಂದಿದೆ. ಒಂಟಿ ಹುಡುಗನ ಹತಾಶೆಯಿಂದ ಹೊರಟ ಕಥೆ ಗುಂಪಿಗೆ ಬಂದು ನಿಂತಿದೆ.

ಇನ್ನೊಂದು ಪೆಟ್ಟು ಬಿದ್ದದ್ದು ಸಮೀಕ್ಷೆಯಿಂದ. ಟ್ರಾವಿಸ್ ಹಿರ್ಷಿ 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಿಚ್‌ಮಂಡ್ ಪ್ರದೇಶದ ನಾಲ್ಕು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಂದ ಉತ್ತರ ಪಡೆದು 1969ರಲ್ಲಿ ಪುಸ್ತಕ ತಂದರು. ಎಷ್ಟು ಓದಬೇಕೆಂದು ಆಸೆಯಿದೆ, ಎಷ್ಟು ಓದುತ್ತೇನೆಂದು ನಂಬಿಕೆಯಿದೆ ಎಂದು ಎರಡನ್ನೂ ಕೇಳಲಾಗಿತ್ತು. ಒತ್ತಡ ಸಿದ್ಧಾಂತ ನಿಜವಾದರೆ ಆಸೆ ದೊಡ್ಡದಿದ್ದು ನಂಬಿಕೆ ಸಣ್ಣದಿರುವ ಮಗು ಹೆಚ್ಚು ತಪ್ಪು ಮಾಡಬೇಕು. ಕಂಡದ್ದು ಬೇರೆ. ದೊಡ್ಡ ಆಸೆಯಿದ್ದವರು ತಪ್ಪು ಮಾಡುತ್ತಿದ್ದದ್ದು ಕಡಿಮೆ. ತಪ್ಪು ಮಾಡುತ್ತಿದ್ದವರಿಗೆ ದೊಡ್ಡ ಆಸೆಯೇ ಇರಲಿಲ್ಲ; ಕೈಗೆಟುಕದ್ದಕ್ಕೆ ಹಂಬಲಿಸಿ ಸೋತವರಂತೆ ಅವರು ಕಾಣಲಿಲ್ಲ. ಆ ಮೇಲೆ ಎರಡು ದಶಕ ಈ ಸಿದ್ಧಾಂತ ಮೂಲೆಗೆ ಸರಿದಿತ್ತು. 1992ರಲ್ಲಿ ರಾಬರ್ಟ್ ಆಗ್ನ್ಯೂ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು: ಒತ್ತಡವೆಂದರೆ ದೂರದ ಗುರಿ ತಪ್ಪುವುದಷ್ಟೇ ಅಲ್ಲ, ಪ್ರೀತಿಪಾತ್ರರನ್ನು ಕಳೆದುಕೊಳ್ಳುವುದು, ಮನೆಯಲ್ಲಿ ಏಟು, ತರಗತಿಯಲ್ಲಿ ಅವಮಾನ ಇವೂ ಒತ್ತಡವೇ, ಅವು ಎಬ್ಬಿಸುವ ಸಿಟ್ಟು ತಪ್ಪಿಗೆ ತಳ್ಳುತ್ತದೆ. ಸಿದ್ಧಾಂತ ಹಿಗ್ಗಿತು. ಆದರೆ ಸಿಟ್ಟಿನಿಂದ ಹೊಡೆದಾಟ ಅರ್ಥವಾದಷ್ಟು ಸುಲಭವಾಗಿ ಕಾರಿನ ಕಳವು ಅರ್ಥವಾಗುವುದಿಲ್ಲ ಎಂಬುದು ನನ್ನ ತಕರಾರು.

ಈಗ ಇನ್ನೊಂದು ಪಕ್ಷ. ನೆಬ್ರಾಸ್ಕದಲ್ಲಿ ಹುಟ್ಟಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎಡ್ವಿನ್ ಸದರ್ಲೆಂಡ್ 1937ರಲ್ಲಿ ಒಂದು ವಿಚಿತ್ರ ಪುಸ್ತಕ ಪ್ರಕಟಿಸಿದರು. ಅದರ ಬಹುಪಾಲು ವೃತ್ತಿನಿರತ ಕಳ್ಳನೊಬ್ಬ ತನ್ನ ಕಸುಬಿನ ಬಗ್ಗೆ ಹೇಳಿಕೊಂಡದ್ದು. ಜೇಬು ಕತ್ತರಿಸುವವನು, ಅಂಗಡಿಯಲ್ಲಿ ಎತ್ತುವವನು, ನಯವಂಚಕ, ಎಲ್ಲರಿಗೂ ಗುರುಗಳಿದ್ದರು, ಶಿಷ್ಯವೃತ್ತಿಯಿತ್ತು, ಒಳಗಿನವರು ಒಪ್ಪಿದರೆ ಮಾತ್ರ ಕಳ್ಳನೆನಿಸಿಕೊಳ್ಳುವ ಕಟ್ಟಳೆಯಿತ್ತು. ಕೊರತೆಯಿದ್ದವನೆಲ್ಲ ಕಳ್ಳನಾಗಲು ಆಗುವುದಿಲ್ಲ, ಯಾರಾದರೂ ಕಲಿಸಬೇಕು. ಎರಡು ವರ್ಷದ ನಂತರ ತಮ್ಮ ಪಠ್ಯಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಸದರ್ಲೆಂಡ್ ಇದನ್ನು ಸಿದ್ಧಾಂತವಾಗಿ ಬರೆದರು. 1947ರ ಆವೃತ್ತಿಯಲ್ಲಿ ಅದು ಒಂಬತ್ತು ಸೂತ್ರಗಳಾಗಿ ನಿಂತಿತು.

ಸೂತ್ರಗಳ ತಿರುಳು ಇಷ್ಟು. ಅಪರಾಧವನ್ನು ಕಲಿಯುತ್ತಾರೆ. ಕಲಿಯುವುದು ಹತ್ತಿರದವರಿಂದ, ಒಡನಾಟದಲ್ಲಿ. ಕಲಿಕೆಯಲ್ಲಿ ಎರಡಿದೆ: ಕೈಚಳಕ, ಮತ್ತು ಅದಕ್ಕಿಂತ ಮುಖ್ಯವಾಗಿ ಮನಸ್ಸಿನ ಒಲವು. ಅಂಗಡಿಯವನಿಗೆ ವಿಮೆಯಿದೆ, ಅವನಿಗೇನೂ ನಷ್ಟವಿಲ್ಲ ಎಂಬಂಥ ಮಾತುಗಳು ಕಾನೂನು ಮುರಿಯುವುದನ್ನು ಸರಿಯೆನಿಸುತ್ತವೆ. ಅಂಥ ಮಾತುಗಳು ತಪ್ಪೆನ್ನುವ ಮಾತುಗಳಿಗಿಂತ ಹೆಚ್ಚಾದಾಗ ಹುಡುಗ ದಾಟುತ್ತಾನೆ. ಎಷ್ಟು ಸಲ, ಎಷ್ಟು ಕಾಲ, ಎಷ್ಟು ಎಳೆಯ ವಯಸ್ಸಿನಲ್ಲಿ, ಎಷ್ಟು ಆಪ್ತರಿಂದ ಕೇಳಿಸಿಕೊಂಡ ಎಂಬುದರ ಮೇಲೆ ತೂಕ ಏರುಪೇರಾಗುತ್ತದೆ. ಒಂಬತ್ತನೆಯ ಸೂತ್ರ ನೇರವಾಗಿ ಒತ್ತಡ ಸಿದ್ಧಾಂತದ ಎದೆಗೇ ಗುರಿಯಿಟ್ಟಿತು: ಕಳ್ಳ ದುಡ್ಡಿಗಾಗಿ ಕದಿಯುತ್ತಾನೆ, ಒಪ್ಪಿದೆ, ಕೂಲಿಯವನೂ ದುಡ್ಡಿಗಾಗಿಯೇ ದುಡಿಯುತ್ತಾನೆ. ಇಬ್ಬರಿಗೂ ಇರುವ ಕಾರಣವೊಂದು ಇಬ್ಬರ ನಡುವಿನ ವ್ಯತ್ಯಾಸವನ್ನು ಹೇಗೆ ವಿವರಿಸೀತು? ಈ ತರ್ಕಕ್ಕೆ ಒತ್ತಡದ ಪಕ್ಷದಿಂದ ನಾನು ಕಂಡ ಯಾವ ಉತ್ತರವೂ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ನಮ್ಮಲ್ಲಿ ಮಗ ಪೊಲೀಸ್ ಠಾಣೆ ಸೇರಿದ ಮನೆಗೆ ಹೋದರೆ ತಾಯಿ ಮೊದಲು ಹೇಳುವುದು ಸಹವಾಸದ ವಿಷಯ. ಅವಳ ಮಾತನ್ನು ಮಗನ ಮೇಲಿನ ಕುರುಡು ಮೋಹ ಎಂದು ತಳ್ಳಿಹಾಕುವ ಮೊದಲು ಒಂದು ಅಂಶ ನೆನೆಯಬೇಕು. ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ 1931ರಲ್ಲಿ ಷಿಕಾಗೊ ಬಾಲ ನ್ಯಾಯಾಲಯದ ಪ್ರಕರಣಗಳನ್ನು ಎಣಿಸಿದಾಗ ಹತ್ತರಲ್ಲಿ ಎಂಟು ಹುಡುಗರು ಜೊತೆಗಾರರೊಡನೆ ತಪ್ಪು ಮಾಡಿದ್ದರು. ಹದಿಹರೆಯದವರು ಗುಂಪಿನಲ್ಲೇ ಕದಿಯುತ್ತಾರೆ ಎಂಬುದು ಆಮೇಲಿನ ಸಂಶೋಧನೆಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಮಿಲ್ವಾಕಿಯ ಏರಿಕೆಯನ್ನು ಸಹವಾಸ ಸಿದ್ಧಾಂತ ಒತ್ತಡಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಒತ್ತಡ ನಿಧಾನವಾಗಿ ಕೂಡಿಬರುವಂಥದು. ಕಾರ್ಖಾನೆ ಮುಚ್ಚಿದ ಹದಿನೈದು ವರ್ಷದ ಮೇಲೆ, ಇದ್ದಕ್ಕಿದ್ದಂತೆ, ಎರಡೇ ಕಂಪನಿಗಳ ಗಾಡಿಗಳ ಮೇಲೆ ಅದು ಏಕೆ ಎರಗಬೇಕು? ಕಲಿಕೆ ಹಾಗಲ್ಲ, ಸಾಂಕ್ರಾಮಿಕದಂತೆ ಹಬ್ಬುತ್ತದೆ. ಮೊದಲು ಒಂದು ಊರು, 2022ರ ಬೇಸಿಗೆಯಲ್ಲಿ ವಿಡಿಯೊಗಳು ಹರಿದಾಡಿದ ಮೇಲೆ ಸೇಂಟ್ ಲೂಯಿಸ್, ಕ್ಲೀವ್‌ಲ್ಯಾಂಡ್, ಷಿಕಾಗೊ. ಕೋವಿಡ್ ಕಾರಣದಿಂದ ಮಿಲ್ವಾಕಿಯ ಸರ್ಕಾರಿ ಶಾಲೆಗಳು 2021ರ ಏಪ್ರಿಲ್‌ವರೆಗೂ ಮುಚ್ಚಿಯೇ ಇದ್ದವು. ದೊಡ್ಡವರ ಕಣ್ಣಿಲ್ಲದ ಹೊತ್ತು ಹುಡುಗರ ಕೈಯಲ್ಲಿ ಬೇಕಾದಷ್ಟಿತ್ತು.

ಆದರೆ ಸದರ್ಲೆಂಡ್ ಬದುಕಿದ್ದರೆ ಮಿಲ್ವಾಕಿ ಅವರನ್ನು ಮುಜುಗರಕ್ಕೂ ಈಡುಮಾಡುತ್ತಿತ್ತು. ಸಿನಿಮಾ, ಪತ್ರಿಕೆಗಳಂಥ ಮುಖವಿಲ್ಲದ ಮಾಧ್ಯಮಗಳಿಗೆ ಅಪರಾಧದ ಕಲಿಕೆಯಲ್ಲಿ ದೊಡ್ಡ ಪಾತ್ರವಿಲ್ಲ ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಇಲ್ಲಿ ಕೈಚಳಕ ಕಲಿಸಿದ್ದು ಎಂದೂ ನೋಡದ ಊರಿನ ಎಂದೂ ನೋಡದ ಹುಡುಗ. ಇನ್ನೂ ಆಳದ ಒಂದು ಪೆಟ್ಟು ಮೊದಲೇ ಬಿದ್ದಿತ್ತು. ಮಾರ್ಕ್ ವಾರ್ ಮತ್ತು ಮಾರ್ಕ್ ಸ್ಟಾಫರ್ಡ್ 1991ರಲ್ಲಿ, ಅಮೆರಿಕದ ರಾಷ್ಟ್ರೀಯ ಯುವ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು: ಗೆಳೆಯರು ಕದಿಯುವುದು ತಪ್ಪಲ್ಲ ಎಂದು ಹೇಳುವುದು ಹೆಚ್ಚು ಕೆಲಸ ಮಾಡುತ್ತದೋ, ಅವರು ನಿಜಕ್ಕೂ ಕದಿಯುವುದೋ? ಬಾಯಿಗಿಂತ ಕೈ ಹೆಚ್ಚು ಕಲಿಸುತ್ತದೆ ಎಂದು ಉತ್ತರ ಬಂತು. ತಪ್ಪೆಂದು ನಂಬಿದ ಗೆಳೆಯನೂ ಕದ್ದರೆ, ನೋಡಿದವನು ಕದಿಯುತ್ತಾನೆ. ಅಂದರೆ ಸದರ್ಲೆಂಡ್ ಮುಖ್ಯವೆಂದುಕೊಂಡ ಮನಸ್ಸಿನ ಒಲವಿಗಿಂತ ಬರೀ ಅನುಕರಣೆ ಗಟ್ಟಿ. ಮಿಲ್ವಾಕಿಯ ವಿಡಿಯೊಗಳಲ್ಲಿ ಯಾರೂ ಕಳವನ್ನು ಸಮರ್ಥಿಸಿ ಭಾಷಣ ಮಾಡಲಿಲ್ಲ, ಮಾಡಿ ತೋರಿಸಿದರು ಅಷ್ಟೆ.

ಸಹವಾಸದ ಪಕ್ಷಕ್ಕೆ ಇನ್ನೊಂದು ಹಳೆಯ ರೋಗವಿದೆ. ಕಳ್ಳರ ಜೊತೆ ಸೇರಿ ಹುಡುಗ ಕಳ್ಳನಾದನೋ, ಕದಿಯುವ ಮನಸ್ಸಿದ್ದೇ ಕಳ್ಳರ ಜೊತೆ ಸೇರಿದನೋ? ಸಮೀಕ್ಷೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಬಿಡಿಸಬೇಕೆಂದರೆ ಹುಡುಗ ತಾನಾಗಿ ಆರಿಸದ ಸಹವಾಸ ಬೇಕು. ಅಂಥ ಎರಡು ಸಂದರ್ಭಗಳು ಅಮೆರಿಕದಲ್ಲಿ ಒದಗಿಬಂದವು. ಒಂದು ಸಹವಾಸವನ್ನು ಬಿಡಿಸಿತು, ಇನ್ನೊಂದು ಕೂಡಿಸಿತು.

ಬಿಡಿಸಿದ್ದು ಚೀಟಿ ಎತ್ತುವ ಮೂಲಕ. 1994ರಿಂದ 1998ರವರೆಗೆ ಅಲ್ಲಿನ ಕೇಂದ್ರ ವಸತಿ ಇಲಾಖೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಕಡುಬಡವರ ಸರ್ಕಾರಿ ವಸತಿಗಳಲ್ಲಿದ್ದ ಸುಮಾರು 4,600 ಕುಟುಂಬಗಳನ್ನು ಒಂದು ಯೋಜನೆಗೆ ಸೇರಿಸಿಕೊಂಡಿತು. ಚೀಟಿಯಲ್ಲಿ ಹೆಸರು ಬಂದ ಒಂದು ಗುಂಪಿಗೆ ಬಡತನ ಕಡಿಮೆಯಿರುವ ಬಡಾವಣೆಯಲ್ಲಿ ಮಾತ್ರ ಬಳಸಬಹುದಾದ ಬಾಡಿಗೆ ನೆರವು ಸಿಕ್ಕಿತು. ಬಾರದವರಿಗೆ ಆ ನೆರವು ಸಿಗಲಿಲ್ಲ. ಕುಟುಂಬಗಳು ಅರ್ಜಿ ಹಾಕಲು ಕೊಟ್ಟ ಮುಖ್ಯ ಕಾರಣ ಶಾಲೆಯಲ್ಲ, ಕೆಲಸವಲ್ಲ. ಮಾದಕ ವಸ್ತು ಮಾರುವವರಿಂದ, ಪುಂಡರ ಗುಂಪುಗಳಿಂದ ಮಕ್ಕಳನ್ನು ದೂರ ಒಯ್ಯಬೇಕು ಎಂಬುದು. ಆ ತಾಯಂದಿರು ಸದರ್ಲೆಂಡ್ ಓದಿರಲಿಲ್ಲ, ಆದರೆ ನಂಬಿದ್ದು ಅವರ ಸಿದ್ಧಾಂತವನ್ನೇ.

ಜೆಫ್ರಿ ಕ್ಲಿಂಗ್, ಜೆನ್ಸ್ ಲುಡ್ವಿಗ್, ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಈ ಮಕ್ಕಳ ಬಂಧನದ ದಾಖಲೆಗಳನ್ನು ಹೋಲಿಸಿದರು. ಹುಡುಗಿಯರ ಮಟ್ಟಿಗೆ ತಾಯಂದಿರು ಗೆದ್ದರು: ಹಿಂಸೆಯ ಪ್ರಕರಣವೂ ಕಳವಿನ ಪ್ರಕರಣವೂ ಇಳಿದವು. ಹುಡುಗರಲ್ಲಿ ಹಿಂಸೆಯ ಬಂಧನ ಮೊದಮೊದಲು ಇಳಿಯಿತು. ಕಳವಿನ ಬಂಧನ ಏರಿತು. ಕೆಟ್ಟ ಬೀದಿ ಬಿಟ್ಟು ಒಳ್ಳೆಯ ಬೀದಿಗೆ ಹೋದ ಹುಡುಗ, ಆ ನೆರವು ಸಿಗದವನಿಗಿಂತ ಹೆಚ್ಚಾಗಿ ಕಳವಿನ ಆರೋಪದಲ್ಲಿ ಸಿಕ್ಕಿಬಿದ್ದ.

ಒತ್ತಡ ಸಿದ್ಧಾಂತದವರಿಗೆ ಇದು ಹಬ್ಬದೂಟ. ಎಲ್ಲರೂ ಬಡವರಾಗಿದ್ದ ಬೀದಿಯಲ್ಲಿ ತನ್ನ ಕೊರತೆ ಅವನಿಗೆ ಕಾಣುತ್ತಿರಲಿಲ್ಲ. ಪಕ್ಕದ ಮನೆಯಂಗಳದಲ್ಲಿ ಹೊಸ ಸೈಕಲ್ಲು ನಿಂತಾಗ ಕಂಡಿತು. ಮರ್ಟನ್ ಹೇಳಿದ್ದೂ ಇದನ್ನೇ ಅಲ್ಲವೇ? ಇರಬಹುದು, ಆದರೆ ಅವಸರ ಬೇಡ. ಅಧ್ಯಯನ ಮಾಡಿದವರೇ ಇನ್ನೊಂದು ಸಾಧ್ಯತೆ ಸೂಚಿಸಿದ್ದಾರೆ: ಕದಿಯುವ ಚಾತುರ್ಯದಲ್ಲಿ ಹೊಸ ನೆರೆಯ ಹುಡುಗರಿಗಿಂತ ಇವನು ಒಂದು ಹೆಜ್ಜೆ ಮುಂದಿದ್ದ, ಕದಿಯಲು ಸಿಗುವ ಸರಕೂ ಅಲ್ಲಿ ಹೆಚ್ಚಿತ್ತು. ಹಾಗಾದರೆ ಅದು ಹಳೆಯ ಸಹವಾಸದ ಕಲಿಕೆಯೇ ಹೊಸ ನೆಲದಲ್ಲಿ ಫಲ ಕೊಟ್ಟದ್ದು. ಮೂರನೆಯ ವಿವರಣೆ ಬಾಲ್ಟಿಮೋರ್ ಮತ್ತು ಷಿಕಾಗೊದ ಮಕ್ಕಳನ್ನು ಕೂರಿಸಿ ಮಾತಾಡಿಸಿದ ಸಂಶೋಧಕರಿಂದ ಬಂತು. ಹುಡುಗಿಯರು ಬಿಡುವಿನಲ್ಲಿ ಗೆಳತಿಯರ ಮನೆಗೆ ಹೋಗುತ್ತಿದ್ದರು. ಹುಡುಗರು ಹಳೆಯ ರೂಢಿಯಂತೆ ಬೀದಿ ಮೂಲೆಯಲ್ಲಿ ನಿಲ್ಲುತ್ತಿದ್ದರು. ಹಳೆಯ ಬಡಾವಣೆಯಲ್ಲಿ ಅದು ಯಾರ ಕಣ್ಣಿಗೂ ಬೀಳದ ಸಂಗತಿ; ಹೊಸ ಬಡಾವಣೆಯಲ್ಲಿ ನೆರೆಯವರು ಪೊಲೀಸರಿಗೆ ಫೋನ್ ಮಾಡುವ ಸಂಗತಿ. ದಾಖಲೆಯಲ್ಲಿರುವುದು ಬಂಧನ, ಕಳವಲ್ಲ. ಈ ಒಂದು ಎಚ್ಚರ ಮರೆತರೆ ಬಾಲಾಪರಾಧದ ಯಾವ ಅಂಕಿಯನ್ನೂ ಸರಿಯಾಗಿ ಓದಲಾಗದು.

ಕೂಡಿಸಿದ ಸಂದರ್ಭ ಫ್ಲಾರಿಡಾದ್ದು. ಪ್ಯಾಟ್ರಿಕ್ ಬೇಯರ್, ರಾಂಡಿ ಹ್ಯಾಲ್ಮರ್ಸನ್, ಡೇವಿಡ್ ಪೋಜನ್ ಎಂಬುವರು 2009ರಲ್ಲಿ ಆ ರಾಜ್ಯದ 169 ಬಾಲಾಪರಾಧಿ ಸುಧಾರಣಾ ಕೇಂದ್ರಗಳಿಂದ ಹೊರಬಂದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರು. ಯಾವ ಹುಡುಗ ಯಾವ ಕೇಂದ್ರಕ್ಕೆ ಹೋಗುತ್ತಾನೆಂಬುದು ಚೀಟಿ ಎತ್ತಿ ಆಗುವುದಲ್ಲ. ಹಾಗಾಗಿ ಅವರು ಒಂದು ಉಪಾಯ ಹೂಡಿದರು: ಕೇಂದ್ರ ಕೇಂದ್ರಗಳನ್ನು ಹೋಲಿಸದೆ, ಒಂದೇ ಕೇಂದ್ರವನ್ನು ಬೇರೆ ಬೇರೆ ತಿಂಗಳುಗಳಲ್ಲಿ ಹೋಲಿಸಿದರು. ಒಳಗೆ ಬರುವವರು, ಹೊರಗೆ ಹೋಗುವವರು ಬದಲಾಗುತ್ತಲೇ ಇರುವುದರಿಂದ ಅದೇ ಗೋಡೆ, ಅದೇ ಸಿಬ್ಬಂದಿ ಇದ್ದೂ ಕೆಲವು ತಿಂಗಳು ಮನೆಗಳ್ಳರು ಹೆಚ್ಚಿರುತ್ತಾರೆ, ಕೆಲವು ತಿಂಗಳು ಕಡಿಮೆ. ಆ ಏರಿಳಿತ ಹುಡುಗನ ಆಯ್ಕೆಯಲ್ಲ, ಅಧಿಕಾರಿಯ ಆಯ್ಕೆಯೂ ಅಲ್ಲ, ಕಾಕತಾಳೀಯ. ಮನೆಗಳ್ಳರು ಹೆಚ್ಚಿದ್ದ ತಿಂಗಳುಗಳಲ್ಲಿ ಒಳಗಿದ್ದ ಹುಡುಗ ಬಿಡುಗಡೆಯಾಗಿ ಒಂದು ವರ್ಷದೊಳಗೆ ಮನೆಗಳ್ಳತನದಲ್ಲೇ ಮತ್ತೆ ಸಿಕ್ಕುವ ಸಂಭವ ಹೆಚ್ಚಿತ್ತು. ಸಣ್ಣಪುಟ್ಟ ಕಳವಿಗೂ ಇದೇ ಫಲಿತಾಂಶ.

ಇಲ್ಲಿಗೆ ಸದರ್ಲೆಂಡ್ ಗೆದ್ದಂತೆ. ಆದರೆ ಆ ಅಧ್ಯಯನದ ಅರ್ಧ ಭಾಗವನ್ನಷ್ಟೇ ಓದಿ ನಿಲ್ಲಿಸುವವರು ಬಹಳ. ಉಳಿದರ್ಧ ಹೀಗಿದೆ: ಈ ಪ್ರಭಾವ ಮುಖ್ಯವಾಗಿ ಬಿದ್ದದ್ದು ಆ ಬಗೆಯ ಅಪರಾಧವನ್ನು ಮೊದಲೇ ಮಾಡಿದ್ದ ಹುಡುಗರ ಮೇಲೆ. ಹಿಂದೆ ಮನೆಗೆ ನುಗ್ಗಿದ್ದವನು ನುಗ್ಗುವವರ ನಡುವೆ ಇನ್ನಷ್ಟು ಪಳಗಿದ. ಎಂದೂ ನುಗ್ಗಿರದ, ಹೊಡೆದಾಟಕ್ಕೋ ಮತ್ತೊಂದಕ್ಕೋ ಒಳಗೆ ಬಂದವನು ಅವರ ಜೊತೆ ಉಂಡು ಮಲಗಿಯೂ ಮನೆಗಳ್ಳನಾಗಲಿಲ್ಲ. ಸಹವಾಸ ಇದ್ದ ಒಲವನ್ನು ಹದಗೊಳಿಸುತ್ತದೆ, ಇಲ್ಲದ್ದನ್ನು ಅಷ್ಟು ಸುಲಭವಾಗಿ ಬಿತ್ತುವುದಿಲ್ಲ. ಹಾಗಾದರೆ ಮೊದಲ ಸಲ ಆ ಕಿಟಕಿಯೊಳಗೆ ಅವನು ಏಕೆ ಇಳಿದ? ಅದನ್ನು ಕೇಳಿದ ಕೂಡಲೇ ಮನೆ, ಶಾಲೆ, ಜೇಬು, ಅವಮಾನ ಎಲ್ಲ ಮತ್ತೆ ಎದುರಿಗೆ ಬರುತ್ತವೆ.

ಎರಡನ್ನೂ ಬೆಸೆಯಲು ಹೊರಟವರು 1960ರಲ್ಲೇ ಇದ್ದರು: ಮರ್ಟನ್ ಅವರ ಶಿಷ್ಯ ರಿಚರ್ಡ್ ಕ್ಲೋವರ್ಡ್, ಸದರ್ಲೆಂಡ್ ಬಳಿ ಕಲಿತಿದ್ದ ಲಾಯ್ಡ್ ಓಲಿನ್. ದಾರಿ ಮುಚ್ಚಿದವನೆಲ್ಲ ಕಳ್ಳನಾಗಲಾರ, ಕಳ್ಳದಾರಿಯೂ ಎಲ್ಲರಿಗೂ ತೆರೆದಿರುವುದಿಲ್ಲ, ಅದನ್ನೂ ಯಾರಾದರೂ ತೋರಿಸಬೇಕು ಎಂದರು ಅವರು. ಹಿರಿಯ ಕಳ್ಳರೂ ಕದ್ದ ಮಾಲು ಕೊಳ್ಳುವವರೂ ಇರುವ ಕೇರಿಯಲ್ಲಿ ಹುಡುಗರು ಕಳವಿಗೆ ಇಳಿಯುತ್ತಾರೆ. ಅದಿಲ್ಲದ ಕೇರಿಯಲ್ಲಿ ಅದೇ ಹತಾಶೆ ಬರೀ ಹೊಡೆದಾಟವಾಗುತ್ತದೆ. ಮಿಲ್ವಾಕಿಯಲ್ಲಿ ಆ ಕಳ್ಳದಾರಿಯ ಬಾಗಿಲಿಗೆ ಕಾವಲುಗಾರನೇ ಇರಲಿಲ್ಲ. ಕೇರಿಯ ಹಿರಿಯ ಕಳ್ಳನ ಕೃಪೆ ಬೇಕಿರಲಿಲ್ಲ, ಫೋನ್ ಇದ್ದರೆ ಸಾಕಿತ್ತು. ನನಗೆ ಕಂಡಂತೆ, ಯಾವ ಬೀದಿಯ ಹುಡುಗರು ಕದಿಯಲು ಒಂದು ಕಾಲು ಮುಂದಿಟ್ಟು ನಿಂತಿದ್ದಾರೆ ಎಂಬುದನ್ನು ಒತ್ತಡ ಹೇಳುತ್ತದೆ. ಹೇಗೆ, ಯಾವ ಬೇಸಿಗೆಯಲ್ಲಿ ಕದಿಯುತ್ತಾರೆ ಎಂಬುದನ್ನು ಸಹವಾಸ ಹೇಳುತ್ತದೆ. ಯಾವ ಗಾಡಿ ಹೋಗುತ್ತದೆ ಎಂಬುದನ್ನು ಮಾತ್ರ ಎರಡೂ ಹೇಳುವುದಿಲ್ಲ. ಕೆನಡಾದಲ್ಲಿ 2007ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ಅಲ್ಲಿಯೂ ಬಡ ಹುಡುಗರಿದ್ದಾರೆ, ಅದೇ ವಿಡಿಯೊ ಅವರ ಫೋನಿಗೂ ಬಂತು. ಆದರೆ ಅದೇ ಕಂಪನಿಗಳ ಕಾರುಗಳಲ್ಲಿ ಆ ಉಪಾಯ ಅಲ್ಲಿ ನಡೆಯಲಿಲ್ಲ. ಅಮೆರಿಕದಲ್ಲಿ 2023ರ ಫೆಬ್ರುವರಿಯಲ್ಲಿ 83 ಲಕ್ಷ ಕಾರುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಿಕೊಡುವ ಕಾರ್ಯಕ್ರಮ ಶುರುವಾಯಿತು. ಅಷ್ಟರಲ್ಲಿ ಕದ್ದ ಕಾರುಗಳ ಅಪಘಾತಗಳಲ್ಲಿ ಕನಿಷ್ಠ ಎಂಟು ಮಂದಿ ಸತ್ತಿದ್ದರು. ಹಾಕಿಸಿಕೊಂಡ ಕಾರುಗಳ ಕಳವು ಅರ್ಧಕ್ಕಿಂತ ಹೆಚ್ಚು ಇಳಿಯಿತು ಎಂದು ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ಆದರೂ ಗಾಜು ಒಡೆದು ಒಳಗೆ ಕೈ ಹಾಕುವುದು ನಿಲ್ಲಲಿಲ್ಲ.

ನಮ್ಮ ದೇಶಕ್ಕೆ ಈ ಜಗಳದಿಂದ ನೇರವಾಗಿ ಸಿಗುವುದು ಫ್ಲಾರಿಡಾದ ಫಲಿತಾಂಶ. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಯೊಳಗೆ ಇಡುವುದು ಕೊನೆಯ ಉಪಾಯವಾಗಬೇಕು ಎನ್ನುತ್ತದೆ. ಸಹವಾಸ ಸಿದ್ಧಾಂತ ಬಲ್ಲವರು ಬರೆದಂತಿದೆ ಆ ಮಾತು. ಇಡಲೇಬೇಕಾಗಿ ಬಂದರೆ ವೀಕ್ಷಣಾಲಯದಲ್ಲಿ ಮಕ್ಕಳನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ, ಅವರ ದೇಹ ಮನಸ್ಸುಗಳ ಸ್ಥಿತಿ ಹಾಗೂ ಅಪರಾಧದ ತೀವ್ರತೆಯನ್ನು ಗಮನಿಸಿ ಬೇರೆ ಬೇರೆ ಇಡಬೇಕು ಎಂದು 47ನೇ ಕಲಂ ಹೇಳುತ್ತದೆ. ತೀವ್ರತೆಯ ಪ್ರಕಾರ ವಿಂಗಡಿಸಿದರೆ ಮೊಬೈಲ್ ಎಗರಿಸಿದವನು, ಬೈಕ್ ಎತ್ತಿದವನು, ಬೀಗ ಮುರಿದವನು ಹೆಚ್ಚುಕಡಿಮೆ ಒಂದೇ ಕೋಣೆಗೆ ಬರುತ್ತಾರೆ. ಕೊಲೆ, ಹಲ್ಲೆಯ ಆರೋಪದವರು ಬೇರೆ ಕೋಣೆಗೆ. ಅನುಭವವಿರುವ ಕಳ್ಳ ಹುಡುಗನಿಗೆ ಎಲ್ಲಕ್ಕಿಂತ ಕೆಟ್ಟ ಜೊತೆ ಅನುಭವವಿರುವ ಇನ್ನೊಬ್ಬ ಕಳ್ಳ ಹುಡುಗ ಎಂದು ಫ್ಲಾರಿಡಾದ ದಾಖಲೆ ಹೇಳುತ್ತಿದೆ. ಎಷ್ಟು ಗಂಭೀರ ಅಪರಾಧ ಎಂಬುದರ ಜೊತೆಗೆ ಯಾವ ಬಗೆಯ ಅಪರಾಧ, ಎಷ್ಟನೆಯ ಸಲ ಎಂದೂ ನೋಡಿ ಹಾಸಿಗೆ ಹಂಚಿ ಎಂದು ಆ ಕಲಂ ಕೇಳುವುದಿಲ್ಲ.